ಮಾರ್ಚ್ 31ರ ಡಾಲರ್ ದರ: ಇನ್ನೂ ಕೊಡದ ದುಡ್ಡು ನಷ್ಟ ಹೇಗಾಗುತ್ತೆ?

ಕಳೆದ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಲೆಕ್ಕ ನನ್ನ ಮೇಜಿನ ಮೇಲಿತ್ತು. ಲೋಹದ ಬಿಡಿಭಾಗ ಮಾಡಿ ಅಮೆರಿಕಕ್ಕೆ ಕಳಿಸುವ ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿ ಅದು. ಕರಡು ಲೆಕ್ಕದಲ್ಲಿ 18 ಲಕ್ಷ ರೂಪಾಯಿ ಲಾಭ ಇತ್ತು. ನಾನು ಡಾಲರ್ ಸಾಲವನ್ನೂ ಡಾಲರ್ ಬಾಕಿಯನ್ನೂ ವರ್ಷದ ಕೊನೆಯ ದರಕ್ಕೆ ತಂದ ಮೇಲೆ ಅದು 12.68 ಲಕ್ಷಕ್ಕೆ ಇಳಿಯಿತು.

ಕಂಪನಿ ನಡೆಸುವ ತಮ್ಮ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಮೇಡಂ, ನಾನಿನ್ನೂ ಆ ದುಡ್ಡು ಕೊಟ್ಟೇ ಇಲ್ವಲ್ಲ. ಕೊಡದೇ ಇರೋ ದುಡ್ಡು ನಷ್ಟ ಹೇಗಾಗುತ್ತೆ? ಅದೂ ಅಲ್ದೆ, ಡಾಲರ್ ಏರಿದ್ರೆ ಸಾಲದಲ್ಲಿ ಹೋಗಿದ್ದು ಬರಬೇಕಾದ ಬಾಕಿಯಲ್ಲಿ ವಾಪಸ್ ಬರಬೇಕಲ್ವಾ?"

ರಫ್ತು ಮಾಡುವ ಹತ್ತು ಜನರಲ್ಲಿ ಒಂಬತ್ತು ಜನ ನನ್ನನ್ನು ಇದೇ ಪ್ರಶ್ನೆ ಕೇಳಿದ್ದಾರೆ. ಈ ಮನೆಯಲ್ಲಿ ಮಾತ್ರ ಆ ಪ್ರಶ್ನೆಗೆ ಆಗಲೇ ಒಂದು ಬೆಲೆ ತೆತ್ತಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡೋಣ.

ಮೊದಲ ತೊಡಕು: ಮಾರ್ಚ್ 31ರಂದು ದರವೇ ಇರಲಿಲ್ಲ

ನಮ್ಮಲ್ಲಿ ಇಂಥ ಸಣ್ಣ ಕಂಪನಿಗಳು ಪಾಲಿಸುವ ಲೆಕ್ಕಪತ್ರ ಮಾನದಂಡದ ಹೆಸರು ಎಎಸ್ 11. ಅದರ ಮುಖ್ಯ ಮಾತು ಸರಳ. ವರ್ಷದ ಕೊನೆಯ ದಿನ ಕಂಪನಿಯ ಬಳಿ ವಿದೇಶಿ ಹಣದಲ್ಲಿ ಕೊಡಬೇಕಾದದ್ದು, ಬರಬೇಕಾದದ್ದು ಏನಿದೆಯೋ ಅದನ್ನು ಆ ದಿನದ ದರದಲ್ಲಿ ರೂಪಾಯಿಗೆ ಬದಲಿಸಿ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಬೇಕು. ಇದೇ ಮುಕ್ತಾಯ ದರ, ಅಂದರೆ ಕ್ಲೋಸಿಂಗ್ ರೇಟ್. ಪುಸ್ತಕದಲ್ಲಿ ಮೊದಲೇ ಇದ್ದ ಮೊತ್ತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆ ವರ್ಷದ ಲಾಭ-ನಷ್ಟಕ್ಕೆ ಹೋಗುತ್ತದೆ.

ದರ ಎಲ್ಲಿಂದ ತರುವುದು? 2018ರ ಜುಲೈವರೆಗೆ ರಿಸರ್ವ್ ಬ್ಯಾಂಕ್ ದಿನದ ಉಲ್ಲೇಖ ದರ ಪ್ರಕಟಿಸುತ್ತಿತ್ತು. ಆಮೇಲೆ ಆ ಕೆಲಸ ಎಫ್‌ಬಿಐಎಲ್ ಎಂಬ ಸಂಸ್ಥೆಗೆ ಹೋಯಿತು. ಹೆಚ್ಚಿನ ಲೆಕ್ಕಿಗರು ಅದನ್ನೇ ಹಿಡಿಯುತ್ತಾರೆ. ಆದರೆ 2025ರಲ್ಲಿ ಮಾರ್ಚ್ 29 ಶನಿವಾರ, 30 ಭಾನುವಾರ ಯುಗಾದಿ, 31 ಸೋಮವಾರ ರಂಜಾನ್ ರಜೆ. ಹಾಗಾಗಿ ಕೊನೆಯ ದರ ಮಾರ್ಚ್ 28, ಶುಕ್ರವಾರದ್ದು: ಡಾಲರಿಗೆ 85.5814. ಅದನ್ನೇ ಮುಕ್ತಾಯ ದರವಾಗಿ ಹಿಡಿಯಬೇಕು.

ಕಂಪನಿಯ ಅಕೌಂಟೆಂಟ್ ಹುಡುಗ ಏಪ್ರಿಲ್‌ನಲ್ಲಿ ಬ್ಯಾಂಕ್ ಕೊಟ್ಟ ದರ ಹಾಕಿದ್ದ. ಅದು ವರ್ಷ ಮುಗಿದ ಮೇಲಿನ ದರ. ಸಾಲದ್ದಕ್ಕೆ ಬ್ಯಾಂಕ್ ಡಾಲರ್ ಮಾರುವ ದರ, ಬಾಕಿಗೆ ಬ್ಯಾಂಕ್ ಡಾಲರ್ ಕೊಳ್ಳುವ ದರ ಅಂತ ಎರಡು ಬೇರೆ ಹಾಕಿದ್ದ. ಒಂದೇ ದಿನಕ್ಕೆ ಒಂದೇ ದರ ಇರಬೇಕು, ಪ್ರತಿ ವರ್ಷವೂ ಅದೇ ಮೂಲದಿಂದ ಬರಬೇಕು. ಇಲ್ಲದಿದ್ದರೆ ವರ್ಷಕ್ಕೊಂದು ಅನುಕೂಲದ ದರ ಹುಡುಕುವ ಚಟ ಶುರುವಾಗುತ್ತದೆ. ಓದಲು ಸುಲಭವಾಗಲಿ ಅಂತ ಮುಂದೆ 85.58 ಎಂದೇ ಬರೆಯುತ್ತೇನೆ.

ಸಾಲದ ಲೆಕ್ಕ

ಕಂಪನಿ 2022ರ ಜೂನ್‌ನಲ್ಲಿ ವಿದೇಶದಿಂದ ಎರಡು ಸಿಎನ್‌ಸಿ ಯಂತ್ರ ತರಿಸಲು ಬ್ಯಾಂಕಿನಿಂದ 3,00,000 ಡಾಲರ್ ಸಾಲ ಪಡೆದಿತ್ತು. ಆಗ ಡಾಲರಿಗೆ 78 ರೂಪಾಯಿ. ರೂಪಾಯಿ ಸಾಲಕ್ಕಿಂತ ಬಡ್ಡಿ ಕಡಿಮೆ ಅನ್ನುವುದೇ ಆಕರ್ಷಣೆ. ವರ್ಷಕ್ಕೆ 60,000 ಡಾಲರ್ ಕಂತು, 2023ರ ಸೆಪ್ಟೆಂಬರ್‌ನಿಂದ ಶುರು.

2024ರ ಏಪ್ರಿಲ್ 1ಕ್ಕೆ ಉಳಿದ ಸಾಲ 2,40,000 ಡಾಲರ್. ಹಿಂದಿನ ವರ್ಷದ ಮುಕ್ತಾಯ ದರ 83.37. ಅಂದರೆ ಪುಸ್ತಕದಲ್ಲಿ ಸಾಲ 2,00,08,800 ರೂಪಾಯಿ.

ಸೆಪ್ಟೆಂಬರ್‌ನಲ್ಲಿ 60,000 ಡಾಲರ್ ಕಂತು ಕಟ್ಟಿದಾಗ ಬ್ಯಾಂಕ್ ಹಿಡಿದ ದರ 83.90. ಪುಸ್ತಕದಲ್ಲಿ ಆ ಭಾಗ ಇದ್ದದ್ದು 83.37ರಲ್ಲಿ. ಡಾಲರಿಗೆ 53 ಪೈಸೆ ಹೆಚ್ಚು ಹೋಯಿತು. ಇದು 31,800 ರೂಪಾಯಿಯ ನಷ್ಟ, ಕೈಯಿಂದ ಹೋದ ನಷ್ಟ. ಇದರ ಬಗ್ಗೆ ಯಾರೂ ತಕರಾರು ಮಾಡಲ್ಲ.

ಉಳಿದದ್ದು 1,80,000 ಡಾಲರ್. ವರ್ಷದ ಕೊನೆಗೆ ದರ 85.58. ಪ್ರತಿ ಡಾಲರಿಗೆ 2.21 ರೂಪಾಯಿ ಏರಿಕೆ, ಒಟ್ಟು 3,97,800 ರೂಪಾಯಿ. ತಕರಾರು ಇರುವುದು ಇದರ ಬಗ್ಗೆ.

ನಾನು ಅವರಿಗೆ ಹೇಳಿದ್ದು ಇಷ್ಟೇ: "ಬ್ಯಾಂಕಿನವರು ಇವತ್ತು ಸಾಲ ಪೂರ್ತಿ ತೀರಿಸಿ ಅಂದ್ರೆ ಎಷ್ಟು ರೂಪಾಯಿ ಬೇಕು?" ಅವರು ಕ್ಯಾಲ್ಕುಲೇಟರ್ ಒತ್ತಿ, "ಒಂದು ಕೋಟಿ ಐವತ್ನಾಲ್ಕು ಲಕ್ಷ" ಅಂದರು. ಹಳೆಯ ದರದಲ್ಲಿ ಬಿಟ್ಟರೆ ಪುಸ್ತಕ ಹೇಳುವುದು ಒಂದು ಕೋಟಿ ಐವತ್ತು ಲಕ್ಷ. ಪುಸ್ತಕ ನಾಲ್ಕು ಲಕ್ಷದಷ್ಟು ಸುಳ್ಳು ಹೇಳುತ್ತಿದೆ ಅಂತಾಯಿತು. ಮೌಲ್ಯ ಮರುಲೆಕ್ಕ ಮಾಡುವುದು ನಷ್ಟ ಹುಟ್ಟಿಸಲು ಅಲ್ಲ. ಸಾಲ ಎಷ್ಟಿದೆಯೋ ಅಷ್ಟೇ ಅಂತ ಹೇಳಲು. ಮುಂದಿನ ವರ್ಷ ಡಾಲರ್ ಇಳಿದರೆ ಇದೇ ಲೆಕ್ಕ ಲಾಭ ತೋರಿಸುತ್ತದೆ, ಅದನ್ನೂ ತೋರಿಸಲೇಬೇಕು.

ಬಾಕಿಯ ಲೆಕ್ಕ: ಇಲ್ಲೂ ನಷ್ಟ

ಈಗ ಅವರು ನಂಬಿಕೊಂಡಿದ್ದ ಇನ್ನೊಂದು ಕಡೆ. ಮಾರ್ಚ್ ಕೊನೆಗೆ ಅಮೆರಿಕದ ಗ್ರಾಹಕರಿಂದ ಮೂರು ಬಿಲ್ಲುಗಳ ಹಣ ಬರಬೇಕಿತ್ತು.

- ಜನವರಿಯ ಬಿಲ್: 50,000 ಡಾಲರ್, ಪುಸ್ತಕದ ದರ 85.90. ಮುಕ್ತಾಯ ದರಕ್ಕೆ ತಂದರೆ 16,000 ರೂ. ನಷ್ಟ.
- ಫೆಬ್ರವರಿಯ ಬಿಲ್: 40,000 ಡಾಲರ್, ಪುಸ್ತಕದ ದರ 86.90. 52,800 ರೂ. ನಷ್ಟ.
- ಮಾರ್ಚ್ ಬಿಲ್: 30,000 ಡಾಲರ್, ಪುಸ್ತಕದ ದರ 86.70. 33,600 ರೂ. ನಷ್ಟ.

ಒಟ್ಟು 1,20,000 ಡಾಲರ್. ಪುಸ್ತಕದಲ್ಲಿ 1,03,72,000 ಇದ್ದದ್ದು 1,02,69,600 ಆಯಿತು. 1,02,400 ರೂಪಾಯಿ ನಷ್ಟ.

"ಇದೇನ್ರೀ ಇದು, ಡಾಲರ್ ಏರಿದ್ರೆ ಸಾಲದಲ್ಲಿ ನಷ್ಟ, ಸರಿ. ಬಾಕಿಯಲ್ಲೂ ನಷ್ಟ ಅಂದ್ರೆ?" ಅಂದರು.

ಉತ್ತರ ಇರುವುದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದರಲ್ಲಿ. ಸಾಲವನ್ನು ನಾವು ಅಳೆಯುವುದು ಹಿಂದಿನ ಮಾರ್ಚ್‌ನಿಂದ ಈ ಮಾರ್ಚ್‌ವರೆಗೆ: 83.37ರಿಂದ 85.58. ಆ ಗಡಿಯಾರದಲ್ಲಿ ಡಾಲರ್ ಏರಿದೆ. ಬಾಕಿಯನ್ನು ಅಳೆಯುವುದು ಬಿಲ್ ಹಾಕಿದ ದಿನದಿಂದ. 2025ರ ಫೆಬ್ರವರಿಯಲ್ಲಿ ರೂಪಾಯಿ ತೀರಾ ಕುಸಿದು ಡಾಲರ್ 87 ದಾಟಿತ್ತು, ಮಾರ್ಚ್‌ನಲ್ಲಿ ರೂಪಾಯಿ ಚೇತರಿಸಿಕೊಂಡಿತು. ಬಿಲ್ಲುಗಳು ಹುಟ್ಟಿದ್ದು ಆ ಏರಿದ ದರದಲ್ಲಿ. ಆ ಗಡಿಯಾರದಲ್ಲಿ ಡಾಲರ್ ಇಳಿದಿದೆ. ಒಂದೇ ಮುಕ್ತಾಯ ದರ, ಎರಡು ಬೇರೆ ಆರಂಭ. ಹಾಗಾಗಿ ಎರಡೂ ಕಡೆ ನಷ್ಟ ಬಂದದ್ದು ತಪ್ಪಲ್ಲ.

ಹಾಗಾದರೆ ಡಾಲರ್ ಏರಿದ ಲಾಭ ಎಲ್ಲಿ ಹೋಯಿತು? ಅದು ಆಗಲೇ ಮಾರಾಟದ ಸಾಲಿನಲ್ಲಿ ಕೂತಿದೆ. 86.90ಕ್ಕೆ ಹಾಕಿದ ಬಿಲ್ಲು ಮಾರಾಟವಾಗಿ ಬರೆದದ್ದು 86.90ರಲ್ಲೇ. ವರ್ಷದ ಮೊದಲಲ್ಲಿ ಇದೇ ಮಾಲಿಗೆ 83.50ರ ಹತ್ತಿರ ಸಿಗುತ್ತಿತ್ತು. ಅಂದರೆ ಅವರು ತೋರಿಸಿದ 18 ಲಕ್ಷದ ಲಾಭದೊಳಗೇ ಡಾಲರ್ ಏರಿಕೆಯ ಫಲ ಇತ್ತು. ಸಾಲದ ನಷ್ಟ ಬಿಟ್ಟು ಮಾರಾಟದ ಲಾಭ ಮಾತ್ರ ಇಟ್ಟುಕೊಂಡರೆ ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡಿದ ಹಾಗೆ.

ಅವರ ವಾದದಲ್ಲಿ ಸತ್ಯ ಇಲ್ಲ ಅಂತಲ್ಲ. ಮುಂದಿನ ಮೂರು ವರ್ಷದ ರಫ್ತಿನ ಡಾಲರ್‌ನಿಂದಲೇ ಉಳಿದ ಮೂರು ಕಂತು ಹೋಗುತ್ತದೆ, ಅದು ನಿಜವಾದ ರಕ್ಷಣೆ. ಆದರೆ ಆ ಮಾಲು ಇನ್ನೂ ತಯಾರೇ ಆಗಿಲ್ಲ, ಪುಸ್ತಕಕ್ಕೆ ಬಂದಿಲ್ಲ. ಸಾಲ ಬಂದಿದೆ. ಹೀಗಾಗಿ ರೂಪಾಯಿ ಇಳಿದಾಗ ಸಾಲದ ನಷ್ಟ ಒಮ್ಮೆಗೇ ಇವತ್ತು ಕಾಣುತ್ತದೆ, ರಫ್ತಿನ ಲಾಭ ಆಮೇಲೆ ನಿಧಾನವಾಗಿ ಬರುತ್ತದೆ. ಸಾಲ ತೆಗೆದುಕೊಳ್ಳುವ ಮೊದಲೇ ಇದು ಗೊತ್ತಿದ್ದರೆ ಏಪ್ರಿಲ್‌ನಲ್ಲಿ ಆಘಾತ ಆಗಲ್ಲ.

ಮುಟ್ಟಬಾರದ ಒಂದು ಮೊತ್ತ

ಕರಡಿನಲ್ಲಿ ಇನ್ನೊಂದು ತಪ್ಪಿತ್ತು. 2024ರ ಜುಲೈನಲ್ಲಿ ಒಬ್ಬ ಗ್ರಾಹಕರು ಮುಂದಿನ ಆರ್ಡರಿಗೆ 20,000 ಡಾಲರ್ ಮುಂಗಡ ಕಳಿಸಿದ್ದರು. ಬ್ಯಾಂಕಿಗೆ 83.50ರಂತೆ 16,70,000 ರೂಪಾಯಿ ಬಂತು. ಇದೂ "ಡಾಲರ್ ಹೊಣೆ" ಅಂದುಕೊಂಡು ಅಕೌಂಟೆಂಟ್ 85.58ಕ್ಕೆ ಏರಿಸಿ 41,600 ರೂಪಾಯಿ ನಷ್ಟ ಬರೆದಿದ್ದ.

ಅದು ಬೇಡ. ಈ ಮುಂಗಡವನ್ನು ಕಂಪನಿ ಡಾಲರಿನಲ್ಲಿ ತೀರಿಸುವುದಿಲ್ಲ, ಮಾಲು ಕೊಟ್ಟು ತೀರಿಸುತ್ತದೆ. ಡಾಲರ್ ನೂರಕ್ಕೆ ಹೋದರೂ ಕಂಪನಿ ಕೊಡಬೇಕಾದದ್ದು ಅಷ್ಟೇ ಬಿಡಿಭಾಗ. ಆರ್ಡರ್ ರದ್ದಾಗಿ ಹಣ ವಾಪಸ್ ಕೊಡಬೇಕು ಅಂತಾದರೆ ಮಾತ್ರ ಅದು ಡಾಲರ್ ಹೊಣೆಯಾಗುತ್ತದೆ. ಪರೀಕ್ಷೆ ಸುಲಭ: ಕೊನೆಗೆ ಕೈ ಬದಲಾಗುವುದು ಡಾಲರೋ, ಮಾಲೋ? ಡಾಲರ್ ಆದರೆ ಮರುಲೆಕ್ಕ, ಮಾಲಾದರೆ ಹಳೆಯ ದರ. ಇದೇ ಕಾರಣಕ್ಕೆ ಯಂತ್ರದ ಬೆಲೆಯನ್ನೂ ಪ್ರತಿ ವರ್ಷ ಡಾಲರಿನ ಹಿಂದೆ ಓಡಿಸುವುದಿಲ್ಲ. ರಫ್ತುದಾರರ ಡಾಲರ್ ಖಾತೆಯಲ್ಲಿ, ಅಂದರೆ ಇಇಎಫ್‌ಸಿ ಖಾತೆಯಲ್ಲಿ, ಉಳಿದ ಹಣ ಮಾತ್ರ ಮರುಲೆಕ್ಕಕ್ಕೆ ಬರಬೇಕು. ಅದನ್ನು ಮರೆಯುವವರೇ ಹೆಚ್ಚು.

ಏಪ್ರಿಲ್ ನಂತರದ ತಪ್ಪು

ಮಾರ್ಚ್‌ನಲ್ಲಿ ಸರಿಯಾಗಿ ಮಾಡಿದವರೂ ಏಪ್ರಿಲ್‌ನಲ್ಲಿ ಎಡವುತ್ತಾರೆ. ಜನವರಿಯ 50,000 ಡಾಲರ್ ಬಿಲ್ಲಿನ ಹಣ ಏಪ್ರಿಲ್‌ನಲ್ಲಿ 85.20ರ ದರದಲ್ಲಿ ಬಂತು, 42,60,000 ರೂಪಾಯಿ. ಅಕೌಂಟೆಂಟ್ ಮೂಲ ಬಿಲ್ಲಿನ 85.90ಕ್ಕೆ ಹೋಲಿಸಿ 35,000 ರೂಪಾಯಿ ನಷ್ಟ ಬರೆದ. ಆದರೆ ಅದರಲ್ಲಿ 16,000 ಹಿಂದಿನ ವರ್ಷವೇ ಬರೆದಾಗಿದೆ. ಈ ವರ್ಷದ್ದು 85.58ರಿಂದ 85.20ಕ್ಕೆ ಇಳಿದದ್ದು ಮಾತ್ರ, 19,000 ರೂಪಾಯಿ.

ಹೊಸ ವರ್ಷಕ್ಕೆ ಆರಂಭದ ದರ ಬಿಲ್ಲಿನದ್ದಲ್ಲ, ಮುಕ್ತಾಯ ದರ. ತಪ್ಪಾಗಿದೆಯೋ ಇಲ್ಲವೋ ಅಂತ ಹಿಡಿಯಲು ಒಂದು ದಾರಿ ಇದೆ. ಒಂದು ಬಿಲ್ಲಿನ ಮೇಲೆ ಎಲ್ಲ ವರ್ಷ ಬರೆದ ವ್ಯತ್ಯಾಸ ಕೂಡಿ. ಅದು ಬಿಲ್ಲಿನ ರೂಪಾಯಿಗೂ ಕೊನೆಗೆ ಬ್ಯಾಂಕಿಗೆ ಬಂದ ರೂಪಾಯಿಗೂ ಇರುವ ವ್ಯತ್ಯಾಸಕ್ಕೆ ಸರಿಹೊಂದಬೇಕು. ಇಲ್ಲಿ 16,000 ಮತ್ತು 19,000 ಸೇರಿ 35,000. ಹೊಂದಿತು. ಟ್ಯಾಲಿ ಬಳಸುವವರಿಗೆ ಬ್ಯಾಲೆನ್ಸ್ ಶೀಟಿನಲ್ಲಿ `Unadjusted Forex Gain/Loss` ಅನ್ನುವ ಸಾಲು ಉಳಿದಿದ್ದರೆ, ಯಾವುದೋ ವ್ಯತ್ಯಾಸ ಇನ್ನೂ ಖಾತೆಗೆ ಸೇರಿಲ್ಲ ಅಂತ ಅರ್ಥ. ಅದನ್ನು ಹಾಗೇ ಬಿಟ್ಟು ಸಹಿ ಹಾಕಿಸಬೇಡಿ.

ಅಣ್ಣನ ಪಾಲು

ಈಗ ಆ ಮನೆಯ ಕತೆ. ಕಂಪನಿಯಲ್ಲಿ ಅಣ್ಣ, ತಮ್ಮ, ತಂಗಿ ಮೂವರಿಗೂ ಸಮಪಾಲು. 2023ರ ಬೇಸಿಗೆಯಲ್ಲಿ ಅಣ್ಣ ವಯಸ್ಸಾಯಿತೆಂದು ಹೊರಬಂದರು. ಜಗಳ ಇಲ್ಲ, ಮನಸ್ತಾಪ ಇಲ್ಲ. 2023ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಹಿಡಿದು, ಆಸ್ತಿಯಲ್ಲಿ ಹೊಣೆ ಕಳೆದು, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಕೊಡೋಣ ಅಂತ ಒಪ್ಪಿದರು. ಕಂಪನಿಯಲ್ಲಿ ಉಳಿದ ಇಬ್ಬರು ಅವರ ಷೇರು ಕೊಂಡರು.

ಆ ವರ್ಷದ ಲೆಕ್ಕ ಮಾಡಿದ್ದು ನಾನಲ್ಲ. 2023-24ರ ಲೆಕ್ಕ ಕೈಗೆತ್ತಿಕೊಂಡಾಗ ಆರಂಭದ ಸಾಲಿನಲ್ಲೇ ಎಡವಿದೆ. 3,00,000 ಡಾಲರ್ ಸಾಲ 2,34,00,000 ರೂಪಾಯಿ ಅಂತ ಇತ್ತು. ಅಂದರೆ ಸಾಲ ತೆಗೆದ ದಿನದ 78 ರೂಪಾಯಿಯಲ್ಲೇ ಬಿಟ್ಟಿದ್ದರು. 2023ರ ಮಾರ್ಚ್ 31ರ ದರ 82.22. ಸಾಲ ಇರಬೇಕಿದ್ದದ್ದು 2,46,66,000. ಮರೆಮಾಚಿದ ಹೊಣೆ 12,66,000 ರೂಪಾಯಿ. ಬಾಕಿಗಳನ್ನೂ ಮುಟ್ಟಿರಲಿಲ್ಲ. ಅದರಲ್ಲಿ 25,600 ರೂಪಾಯಿ ಲಾಭ ಬರಬೇಕಿತ್ತು. ಕಳೆದರೆ 12,40,400. ಅದರ ಮೂರನೇ ಒಂದು ಭಾಗ ಸುಮಾರು 4,13,000 ರೂಪಾಯಿ, ಅಣ್ಣನಿಗೆ ಹೆಚ್ಚಾಗಿ ಹೋಗಿತ್ತು. ತೆರಿಗೆಯ ಪರಿಣಾಮ ಹಿಡಿದರೆ ಸ್ವಲ್ಪ ಕಡಿಮೆಯಾಗಬಹುದು.

ಮಾನದಂಡದ ಪ್ರಕಾರ ಆ ತಪ್ಪನ್ನು ಹಿಂದಿನ ಅವಧಿಯ ಬಾಬತ್ತು ಅಂತ 2023-24ರ ಲಾಭ-ನಷ್ಟದಲ್ಲಿ ಬೇರೆಯಾಗಿ ತೋರಿಸಿದೆವು. ಪುಸ್ತಕ ಸರಿಯಾಯಿತು. ಆದರೆ ದುಡ್ಡು ಹೋದದ್ದು ಹೋಗಿತ್ತು. ಕಾಗದದ ನಷ್ಟ ಅಂತ ಬದಿಗಿಟ್ಟದ್ದು, ಪಾಲು ಹಂಚುವ ದಿನ ನಿಜವಾದ ಚೆಕ್ ಆಗಿತ್ತು.

ಇದು ಪಾಲಿಗೆ ಮಾತ್ರ ಅಲ್ಲ. ಡಿವಿಡೆಂಡ್, ಬ್ಯಾಂಕಿನ ಸಾಲ ನವೀಕರಣ, ಹೊಸ ಪಾಲುದಾರ ಬರುವಾಗಿನ ಮೌಲ್ಯಮಾಪನ, ಎಲ್ಲವೂ ಮಾರ್ಚ್ 31ರ ಕಾಗದದ ಮೇಲೆ ನಿಂತಿವೆ.

ನಷ್ಟವನ್ನು ಮುಂದೂಡುವ ಬಾಗಿಲು

"ದೊಡ್ಡ ಕಂಪನಿಯವರು ಇದನ್ನ ಲಾಭದಿಂದ ಕಳೆಯಲ್ಲ ಅಂತಾರಲ್ಲ" ಅಂತ ತಂಗಿ ಒಮ್ಮೆ ಕೇಳಿದ್ದರು. ಅದಕ್ಕೊಂದು ಚರಿತ್ರೆ ಇದೆ. 2008ರ ಮಾರ್ಚ್ ಕೊನೆಗೆ ಸುಮಾರು 40 ರೂಪಾಯಿ ಇದ್ದ ಡಾಲರ್, ಜಾಗತಿಕ ಬಿಕ್ಕಟ್ಟಿನ ಒಂದೇ ವರ್ಷದಲ್ಲಿ 51ರ ಹತ್ತಿರ ಬಂತು. ವಿದೇಶಿ ಸಾಲ ಮಾಡಿದ್ದ ಕಂಪನಿಗಳ ಲಾಭ ಕರಗುತ್ತಿತ್ತು. ಲೆಕ್ಕದ ವರ್ಷದ ಕೊನೆಯ ದಿನ, 2009ರ ಮಾರ್ಚ್ 31ರಂದೇ, ಕೇಂದ್ರ ಸರಕಾರ ಎಎಸ್ 11ಕ್ಕೆ ತಿದ್ದುಪಡಿ ತಂದು ದೀರ್ಘಾವಧಿ ಸಾಲದ ವ್ಯತ್ಯಾಸವನ್ನು ಲಾಭ-ನಷ್ಟದಿಂದ ಹೊರಗಿಡಲು ಅವಕಾಶ ಕೊಟ್ಟಿತು. 2011ರ ಡಿಸೆಂಬರ್‌ನಲ್ಲಿ ಬಂದ 46ಎ ಪ್ಯಾರಾ ಆ ಬಾಗಿಲನ್ನು ಇನ್ನಷ್ಟು ತೆರೆಯಿತು.

46ಎ ಆಯ್ಕೆ ಮಾಡಿದರೆ ಯಂತ್ರಕ್ಕಾಗಿ ಮಾಡಿದ ದೀರ್ಘಾವಧಿ ಸಾಲದ ವ್ಯತ್ಯಾಸ ಯಂತ್ರದ ಬೆಲೆಗೆ ಸೇರುತ್ತದೆ, ಸವಕಳಿಯಾಗಿ ವರ್ಷ ವರ್ಷ ಕರಗುತ್ತದೆ. ನಮ್ಮ ಉದಾಹರಣೆಯ 3,97,800 ಹಾಗೆ ಹೋಗಬಹುದಿತ್ತು. ಆದರೆ ಗಮನಿಸಿ: ಆಗಲೂ ಸಾಲವನ್ನು 85.58ರಲ್ಲೇ ತೋರಿಸಬೇಕು. ನಷ್ಟ ಎಲ್ಲಿ ಕೂರುತ್ತದೆ ಅನ್ನುವುದು ಬದಲಾಗುತ್ತದೆ, ಸಾಲದ ಮೊತ್ತವಲ್ಲ. ಗ್ರಾಹಕರ ಅಲ್ಪಾವಧಿ ಬಾಕಿಗೆ ಈ ಸೌಲಭ್ಯ ಇಲ್ಲ. ಒಮ್ಮೆ ಆಯ್ಕೆ ಮಾಡಿದರೆ ಹಿಂತೆಗೆಯುವಂತಿಲ್ಲ, ಒಂದು ಸಾಲಕ್ಕೆ ಹೌದು ಇನ್ನೊಂದಕ್ಕೆ ಬೇಡ ಅನ್ನುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಡಾಲರ್ ಏರಿದ್ದಕ್ಕೆ ಯಂತ್ರದ ಬೆಲೆ ಏರಿತು ಅನ್ನುವುದು ನಂಬುವ ಮಾತಲ್ಲ. ಅದು ಅದೇ ಹಳೆಯ ಲೇತ್. ಕುಟುಂಬದ ಕಂಪನಿಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಆದಾಯ ತೆರಿಗೆಯ ದಾರಿ ಬೇರೆ. ಬಾಕಿಯಂಥ ವ್ಯವಹಾರದ ಬಾಬತ್ತುಗಳ ವರ್ಷಾಂತ್ಯದ ನಷ್ಟವನ್ನು ಖರ್ಚಾಗಿ ಒಪ್ಪಬೇಕು ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ವುಡ್‌ವರ್ಡ್ ಗವರ್ನರ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದ 1,02,400 ರೂಪಾಯಿ ಸಿಗುತ್ತದೆ. ಆದರೆ ಯಂತ್ರ ಆಮದಿನ ಸಾಲಕ್ಕೆ ಆ ವರ್ಷ 1961ರ ಕಾಯ್ದೆಯ 43ಎ ಸೆಕ್ಷನ್ ಅನ್ವಯವಾಗುತ್ತಿತ್ತು. ಅಲ್ಲಿ ನಿಜವಾಗಿ ಕಟ್ಟಿದ ಕಂತಿನ ವ್ಯತ್ಯಾಸವಷ್ಟೇ ಲೆಕ್ಕ. 60,000 ಡಾಲರಿಗೆ 78ರ ಬದಲು 83.90 ಕೊಟ್ಟದ್ದರಿಂದ 3,54,000 ರೂಪಾಯಿ ಯಂತ್ರದ ಬೆಲೆಗೆ ಸೇರಿ ಸವಕಳಿ ಸಿಗುತ್ತದೆ. ಇನ್ನೂ ಕಟ್ಟದ 3,97,800ಕ್ಕೆ ಆ ವರ್ಷ ಏನೂ ಇಲ್ಲ. ಹಾಗಾಗಿ ಕಂಪನಿ ಪುಸ್ತಕದ ಲಾಭವೂ ತೆರಿಗೆಯ ಲಾಭವೂ ಒಂದೇ ಆಗಿರುವುದಿಲ್ಲ. ಅದಕ್ಕೆ ಗಾಬರಿ ಬೇಡ, ಎರಡಕ್ಕೂ ಬೇರೆ ಹಾಳೆ ಇಟ್ಟುಕೊಳ್ಳಿ.

ತಮ್ಮ ಕೊನೆಗೆ 12.68 ಲಕ್ಷದ ಲೆಕ್ಕಕ್ಕೆ ಸಹಿ ಹಾಕಿದರು. ಎದ್ದು ಹೊರಡುವಾಗ ನಾನೇ ಕೇಳಿದೆ, ಅಣ್ಣನಿಗೆ ಆ ನಾಲ್ಕು ಲಕ್ಷದ ವಿಷಯ ಹೇಳಿದಿರಾ ಅಂತ.

"ಹೇಗ್ ಕೇಳೋದು ಮೇಡಂ? ಅವ್ರು ಕೇಳಿದ್ದಲ್ಲ, ನಾವೇ ಲೆಕ್ಕ ಹಾಕಿ ಕೊಟ್ಟಿದ್ದು" ಅಂದರು. ಆಮೇಲೆ ಕರಡಿನ ಪ್ರತಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾ, "ಮುಂದಿನ ಮಾರ್ಚ್‌ಗೆ ದರ ನಾನೇ ನೋಡಿ ಬರ್ಕೊಂಡು ಬರ್ತೀನಿ" ಅಂದರು.